ಮನೆ ಒಪ್ಪಿಕೊಳ್ಳುವ ಮೊದಲು: ಹೋಮ್ ನರ್ಸ್ ಕೆಲಸಕ್ಕೆ ಹೊರಟವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಅಕ್ಕತಂಗಿಯರೇ, ತಮ್ಮಂದಿರೇ,

ಹಾಸನ, ಮಂಡ್ಯ, ರಾಯಚೂರು, ಕೊಪ್ಪಳದ ಕಡೆಯಿಂದ ಬೆಂಗಳೂರು, ಮೈಸೂರು, ಮಂಗಳೂರಿಗೆ ಬಂದು ಪರರ ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರುತ್ತಿರುವ ನಿಮಗೆಲ್ಲ ಈ ಪತ್ರ. ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಈಗ ನಿಮ್ಮಂಥವರಿಗೆ ಹಾಸಿಗೆ ಹಿಡಿದ ರೋಗಿಯ ಆರೈಕೆ ಕಲಿಸುತ್ತೇನೆ. ತರಬೇತಿ ಮುಗಿಸಿ ಹೋದವರು ಸ್ವಲ್ಪ ದಿನಕ್ಕೇ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚಾಗಿ ಔಷಧಿಯ ವಿಷಯವಲ್ಲ, ಮನೆಯ ವಿಷಯ. ‘ರಾತ್ರಿ ನಿದ್ದೆಗೇ ಬಿಡ್ತಿಲ್ಲ ಸಿಸ್ಟರ್’, ‘ಅಡುಗೆನೂ ಮಾಡು ಅಂತಾರೆ’, ‘ಅಜ್ಜಿ ತೀರಿಕೊಂಡ್ರು, ಸಂಬಳ ಯಾರನ್ನ ಕೇಳ್ಲಿ?’

ಒಳ್ಳೆಯ ಮನೆ ಸಿಗುವುದು ಅದೃಷ್ಟ ಎಂದು ನೀವು ಹೇಳುತ್ತೀರಿ. ನಾನು ಒಪ್ಪುವುದಿಲ್ಲ. ರೋಗಿಯ ಕೆಲಸ ಎಷ್ಟಿದೆ ಎಂದು ಗೊತ್ತಿರುವವಳಿಗೆ ಏನು ಕೇಳಬೇಕು ಎಂಬುದೂ ಗೊತ್ತಿರುತ್ತದೆ. ಅವಳು ನಾಲ್ಕು ಪ್ರಶ್ನೆ ಕೇಳಿದರೆ ಆ ಮನೆಯವರು ಎಂಥವರೆಂದು ಅರ್ಧ ಗಂಟೆಯಲ್ಲಿ ತಿಳಿದುಹೋಗುತ್ತದೆ. ಅದಕ್ಕೇ ತರಬೇತಿಯ ಮಾತಿನಿಂದ ಶುರು ಮಾಡುತ್ತೇನೆ.

ಸರ್ಕಾರದ ಕೌಶಲ ಯೋಜನೆಗಳಲ್ಲಿ ಈ ಕೆಲಸಕ್ಕೆ ಮುಖ್ಯವಾಗಿ ಎರಡು ಕೋರ್ಸ್‌ಗಳಿವೆ. ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಆಸ್ಪತ್ರೆಯ ಕೆಲಸಕ್ಕೆ, ‘ಹೋಮ್ ಹೆಲ್ತ್ ಏಡ್’ ಮನೆಯ ಕೆಲಸಕ್ಕೆ. ಎರಡರಲ್ಲೂ ತಿಂಗಳುಗಟ್ಟಲೆ ಪಾಠ, ಅಭ್ಯಾಸ, ಕೊನೆಗೆ ಪರೀಕ್ಷೆ ಇರುತ್ತದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ನಡೆದರೆ ಕಲಿಯುವವರು ಶುಲ್ಕ ಕಟ್ಟಬೇಕಿಲ್ಲ. ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ ಪ್ರಥಮ ಚಿಕಿತ್ಸೆಯನ್ನೂ ಹೋಮ್ ನರ್ಸಿಂಗನ್ನೂ ಕಲಿಸುತ್ತದೆ. ಎಲ್ಲಿಗೇ ಸೇರಿ, ಹಣ ಕಟ್ಟುವ ಮುನ್ನ ಎರಡು ವಿಷಯ ವಿಚಾರಿಸಿ. ತರಗತಿಯಲ್ಲಿ ಮಂಚ ಇದೆಯೇ? ಆಸ್ಪತ್ರೆಯ ವಾರ್ಡಿಗೆ ಕಳಿಸುತ್ತಾರೆಯೇ? ಎರಡೂ ಇಲ್ಲದೆ ವಾರದಲ್ಲಿ ಸರ್ಟಿಫಿಕೇಟ್ ಕೊಡುವ ಕಡೆ ಕಲಿತವರು ರೋಗಿಯನ್ನು ಮೊದಲ ಸಲ ಎತ್ತುವುದು ಪರರ ಮನೆಯಲ್ಲೇ. ಆಗ ಬೀಳುವುದು ರೋಗಿ, ಉಳುಕುವುದು ನಿಮ್ಮ ಸೊಂಟ.

ಮನೆಗಳಿಂದ ಹೆಚ್ಚು ಕರೆ ಬರುವುದು ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋದವರಿಗಾಗಿ. ಅಂಥ ರೋಗಿಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲ ಕೆಲಸ ಮಗ್ಗುಲು ಬದಲಿಸುವುದು. ತಾನಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ತಿರುಗಿಸುತ್ತೇವೆ. ಪೂರಾ ಮಗ್ಗುಲಿಗೆ ಮಲಗಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಮೂವತ್ತು ಡಿಗ್ರಿಯಷ್ಟು ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ತೆಳು ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ. ಪ್ರತಿ ಸಲ ತಿರುಗಿಸುವಾಗ ಬೆನ್ನಿನ ಕೆಳಭಾಗ, ಸೊಂಟದ ಎರಡೂ ಪಕ್ಕ, ಹಿಮ್ಮಡಿ, ಮೊಣಕೈ ಇವನ್ನು ಬೆಳಕಿನಲ್ಲಿ ನೋಡಬೇಕು. ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಚಿ ಮತ್ತೆ ಕೆಂಪಾದರೆ ಅಲ್ಲಿ ಇನ್ನೂ ರಕ್ತ ಓಡಾಡುತ್ತಿದೆ. ಒತ್ತಿದರೂ ಬಿಳಿಚದಿದ್ದರೆ ಬೆಡ್‌ಸೋರ್ ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದು. ಆ ಜಾಗ ಮುಟ್ಟಿದರೆ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಲ್ಲೇ ನೋಡಿ ತಿಳಿಯಬೇಕು. ಮನೆಯ ಹಿರಿಯರು ‘ಎಣ್ಣೆ ಹಚ್ಚಿ ತಿಕ್ಕು’ ಎನ್ನುತ್ತಾರೆ. ಕೆಂಪಾದ ಜಾಗವನ್ನು ಎಂದಿಗೂ ತಿಕ್ಕಬಾರದು, ಒಳಗೆ ಆಗಲೇ ಸೋತ ಮಾಂಸ ಮತ್ತಷ್ಟು ಹರಿಯುತ್ತದೆ. ಆ ಕಡೆಯ ಭಾರ ಪೂರ್ತಿ ತಪ್ಪಿಸಿ, ಅದೇ ದಿನ ಮನೆಯವರಿಗೆ ತೋರಿಸಿ, ಡಾಕ್ಟರಿಗೆ ತಿಳಿಸಲು ಹೇಳಿ.

ಬಟ್ಟೆ ಹಾಕುವಾಗ ಬಿದ್ದ ಕೈ ಮೊದಲು, ತೆಗೆಯುವಾಗ ಗಟ್ಟಿ ಕೈ ಮೊದಲು. ಕುರ್ಚಿಗೆ ಕೂರಿಸುವಾಗ ಕುರ್ಚಿಯನ್ನು ಗಟ್ಟಿ ಇರುವ ಪಕ್ಕಕ್ಕೆ ಇಟ್ಟು, ವೀಲ್‌ಚೇರ್ ಆದರೆ ಬ್ರೇಕ್ ಹಾಕಿ, ರೋಗಿಯ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿದು ಎಬ್ಬಿಸಬೇಕು. ಕಂಕುಳಿಗೆ ಕೈ ಹಾಕಿ ಎತ್ತುವುದು, ಬಿದ್ದ ಕೈ ಹಿಡಿದು ಎಳೆಯುವುದು ಮನೆಗಳಲ್ಲಿ ದಿನಾ ನೋಡುವ ತಪ್ಪು. ಲಕ್ವ ಹೊಡೆದ ಪಕ್ಕದ ಸ್ನಾಯುಗಳಿಗೆ ಹೆಗಲ ಕೀಲನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಎಳೆದರೆ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು.

ಮೂಗಿನ ನಳಿಕೆ, ಅಂದರೆ ರೈಲ್ಸ್ ಟ್ಯೂಬ್, ಇದ್ದರೆ ಇನ್ನಷ್ಟು ಎಚ್ಚರ ಬೇಕು. ತಲೆ ಕಡೆ ಮೂವತ್ತರಿಂದ ನಲವತ್ತೈದು ಡಿಗ್ರಿ ಎತ್ತರಿಸದೆ ಏನನ್ನೂ ಹಾಕಬೇಡಿ. ಮೂಗಿನ ಹತ್ತಿರ ಟ್ಯೂಬಿನ ಮೇಲಿನ ಗುರುತು ನಿನ್ನೆ ಇದ್ದಲ್ಲೇ ಇದೆಯೇ ಎಂದು ನೋಡಿ. ಗುರುತು ಹೊರಗೆ ಬಂದಿದ್ದರೆ ನಳಿಕೆ ಜಾರಿದೆ. ಆಗ ಫೀಡ್ ನಿಲ್ಲಿಸಿ ಫೋನ್ ಮಾಡಬೇಕು. ಹಾಕುವಾಗ ಸಿರಿಂಜನ್ನು ಒತ್ತಬಾರದು, ಎತ್ತರಕ್ಕೆ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಕೊನೆಗೆ ನೀರು ಬಿಟ್ಟು ನಳಿಕೆ ತೊಳೆದು, ಅರ್ಧದಿಂದ ಒಂದು ಗಂಟೆ ತಲೆ ಎತ್ತರದಲ್ಲೇ ಇಡಬೇಕು. ನಡುವೆ ಕೆಮ್ಮು ಬಂದರೆ, ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ತಕ್ಷಣ ನಿಲ್ಲಿಸಿ, ಮನೆಯವರನ್ನು ಕರೆದು 108ಕ್ಕೆ ಫೋನ್ ಮಾಡಿ.

ನಳಿಕೆ ಹಾಕುವುದು, ಕ್ಯಾಥೆಟರ್ ಬದಲಿಸುವುದು, ಇಂಜೆಕ್ಷನ್, ಡ್ರಿಪ್, ಆಳದ ಗಾಯದ ಡ್ರೆಸಿಂಗ್ ಇವು ನಿಮ್ಮ ಕೆಲಸವಲ್ಲ. ಇವು ನೋಂದಾಯಿತ ನರ್ಸ್ ಮಾಡಬೇಕಾದವು. ‘ನೀನೇ ಹಾಕಿಬಿಡಮ್ಮ, ನರ್ಸ್ ಕರೆಸಿದ್ರೆ ಅದಕ್ಕೆ ಬೇರೆ ದುಡ್ಡು’ ಎಂದು ಮನೆಯವರು ಎಷ್ಟು ವಿಶ್ವಾಸದಿಂದ ಕೇಳಿದರೂ ಒಪ್ಪಬೇಡಿ. ನಳಿಕೆ ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಹೋಯಿತೆಂದರೆ ಮುಂದಿನ ಫೀಡ್ ಶ್ವಾಸಕೋಶಕ್ಕೇ. ಆ ಹೊತ್ತಿನಲ್ಲಿ ನೀವು ಮಾಡಿದ ಉಪಕಾರ ಯಾರಿಗೂ ನೆನಪಿರುವುದಿಲ್ಲ.

ಇಷ್ಟು ಗೊತ್ತಿದ್ದರೆ ಮನೆಯವರನ್ನು ಏನು ಕೇಳಬೇಕು? ನನ್ನ ಹತ್ತಿರ ಕಲಿತ, ಹಾಸನದ ಕಡೆಯ ಒಬ್ಬ ಹೆಣ್ಣುಮಗಳು ಒಪ್ಪಿಕೊಂಡ ಮನೆಯ ವಿಷಯ ಹೇಳುತ್ತೇನೆ.

ಏಜೆನ್ಸಿಯವರು ಅವಳಿಗೆ ಹೇಳಿದ್ದು ಒಂದೇ ಸಾಲು: ‘ವಯಸ್ಸಾದ ಗಂಡಸು, ಸ್ವಲ್ಪ ಸಪೋರ್ಟ್ ಬೇಕು, ಇಪ್ಪತ್ನಾಲ್ಕು ಗಂಟೆ ಡ್ಯೂಟಿ.’ ಅವಳು ಮನೆಯವರ ನಂಬರ್ ಕೇಳಿ ಪಡೆದು, ಮಗನ ಜೊತೆ ತಾನೇ ಮಾತಾಡಿದಳು. ತೂಕ ಎಷ್ಟು? ಎಂಬತ್ತು ಕಿಲೋ. ಯಾವ ಪಕ್ಕ ಬಿದ್ದಿದೆ? ಬಲ. ಮಾತು ಬರುತ್ತದೆಯೇ? ಇಲ್ಲ, ಆದರೆ ಅರ್ಥವಾಗುತ್ತದೆ. ಊಟ? ಟ್ಯೂಬ್. ಮೂತ್ರ? ಕ್ಯಾಥೆಟರ್. ಬೆಡ್‌ಸೋರ್ ಇದೆಯೇ? ‘ಬೆನ್ನ ಹತ್ರ ಸ್ವಲ್ಪ ಕೆಂಪಗಿದೆ.’ ರಾತ್ರಿ ಮಲಗುತ್ತಾರೆಯೇ? ‘ಎರಡು ಮೂರು ಸಲ ಏಳ್ತಾರೆ.’ ಮನೆಯಲ್ಲಿ ಮತ್ತೆ ಯಾರಿದ್ದಾರೆ? ಮಂಡಿನೋವಿನ ತಾಯಿ, ಬೆಳಿಗ್ಗೆ ಹೋಗಿ ರಾತ್ರಿ ಬರುವ ಮಗ. ‘ಸ್ವಲ್ಪ ಸಪೋರ್ಟ್’ ಎಂದದ್ದು ಪೂರ್ತಿ ಹಾಸಿಗೆ ಹಿಡಿದ ರೋಗಿಯಾಗಿತ್ತು. ಏಜೆನ್ಸಿ ಹೇಳಿದ್ದನ್ನೇ ನಂಬಿ ಬ್ಯಾಗ್ ಹಿಡಿದು ಹೋಗಿದ್ದರೆ ಎರಡನೇ ದಿನವೇ ಜಗಳವಾಗುತ್ತಿತ್ತು.

ಅವಳು ಬೇಡ ಎನ್ನಲಿಲ್ಲ. ಮನೆಗೆ ಹೋಗಿ ನೋಡಿ ಬಂದಳು. ತಾಯಿ ಮಗ ಇಬ್ಬರನ್ನೂ ಕೂರಿಸಿಕೊಂಡು ಲೆಕ್ಕ ಹೇಳಿದಳು. ಎರಡು ಗಂಟೆಗೊಮ್ಮೆ ತಿರುಗಿಸಬೇಕೆಂದರೆ ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಆರು, ಹೀಗೆ ಐದು ಸಲ ಏಳಬೇಕು. ಹಗಲೂ ತಾನೇ, ರಾತ್ರಿಯೂ ತಾನೇ ಆದರೆ ಒಂದು ವಾರದಲ್ಲಿ ಕೈ ತಪ್ಪುತ್ತದೆ. ನಿದ್ದೆಗೆಟ್ಟವಳ ಕೈಯಲ್ಲಿ ಫೀಡ್ ಕೊಡುವುದು ಅಪಾಯ. ಎಂಬತ್ತು ಕಿಲೋ ಇರುವವರನ್ನು ಒಬ್ಬಳೇ ಎತ್ತುವಂತಿಲ್ಲ. ಅವಳು ಮೂರು ವಿಷಯ ಕೇಳಿದಳು. ಒಂದು, ಏರ್ ಬೆಡ್ ತರಿಸುವುದು, ಮತ್ತು ಅದನ್ನು ಹಾಕಿದ ಮೇಲೆ ರಾತ್ರಿಯ ಅಂತರ ಎಷ್ಟು ಹೆಚ್ಚಿಸಬಹುದೆಂದು ಡಾಕ್ಟರನ್ನು ಕೇಳುವುದು. ಡಾಕ್ಟರ್ ನೋಡಿ, ಬೆನ್ನಿನ ಕೆಂಪು ಹೋಗುವವರೆಗೆ ಬೆನ್ನ ಮೇಲೆ ಮಲಗಿಸಲೇಬಾರದೆಂದು ಹೇಳಿ, ರಾತ್ರಿ ನಾಲ್ಕು ಗಂಟೆಗೊಮ್ಮೆ ತಿರುಗಿಸಲು ಒಪ್ಪಿದರು. ಎರಡು, ರಾತ್ರಿ ಹನ್ನೊಂದರ ಸರದಿ ಮಗನದು, ಮೂರು ಗಂಟೆಯದು ಅವಳದು, ಮಧ್ಯಾಹ್ನ ಊಟದ ನಂತರ ಎರಡು ಗಂಟೆ ಅವಳ ವಿಶ್ರಾಂತಿ, ಆಗ ತಾಯಿ ಪಕ್ಕದಲ್ಲಿ ಕೂರುವುದು. ಮೂರು, ಮೇಲಕ್ಕೆ ಸರಿಸುವಾಗ ಅಡ್ಡ ಹಾಸಿದ ದಪ್ಪ ಬೆಡ್‌ಶೀಟನ್ನು ಇಬ್ಬರು ಹಿಡಿಯುವುದು. ಕುರ್ಚಿಗೆ ಕೂರಿಸುವುದು ಫಿಸಿಯೋ ಅಥವಾ ಮಗ ಇದ್ದಾಗ ಮಾತ್ರ.

ಇಲ್ಲಿ ಗಮನಿಸಬೇಕಾದದ್ದು ಮನೆಯವರು ಏನು ಉತ್ತರ ಕೊಟ್ಟರು ಎಂಬುದಕ್ಕಿಂತ ಹೇಗೆ ಕೇಳಿಸಿಕೊಂಡರು ಎಂಬುದು. ಮಗ ಪೆನ್ನು ಹಿಡಿದು ಬರೆದುಕೊಂಡ. ತಾಯಿ, ‘ನೀನು ಎಲ್ಲಿ ಮಲಗ್ತೀಯಮ್ಮ, ಬಾ ತೋರಿಸ್ತೀನಿ’ ಎಂದು ಚಿಲಕ ಇರುವ ಕೋಣೆ ತೋರಿಸಿದರು. ಅದು ಕೆಲಸ ಮಾಡಬಹುದಾದ ಮನೆ. ‘ದುಡ್ಡು ಕೊಡ್ತೀವಲ್ಲ, ಮತ್ಯಾಕೆ ಇಷ್ಟು ಪ್ರಶ್ನೆ?’ ಎಂದಿದ್ದರೆ ಅಲ್ಲಿಗೇ ಕೈಮುಗಿದು ಬರಬೇಕಿತ್ತು. ಹಿಂದೆ ಯಾರು ನೋಡಿಕೊಳ್ಳುತ್ತಿದ್ದರು, ಯಾಕೆ ಬಿಟ್ಟರು ಎಂದೂ ತಪ್ಪದೆ ಕೇಳಿ. ಸಾಧ್ಯವಾದರೆ ಅವರ ನಂಬರ್ ಪಡೆದು ಮಾತಾಡಿ. ಎರಡು ತಿಂಗಳಲ್ಲಿ ನಾಲ್ಕು ಜನ ಬದಲಾಗಿದ್ದು, ‘ಎಲ್ಲರೂ ಕಳ್ಳಿಯರೇ’ ಎಂಬ ಉತ್ತರ ಬಂದರೆ ಐದನೆಯ ಕಳ್ಳಿ ನೀವಾಗುತ್ತೀರಿ. ರೋಗಿಯನ್ನು ನೋಡಲು ಬಿಡದ, ಡಾಕ್ಟರ್ ಯಾರೆಂದು ಹೇಳದ, ಡಿಸ್ಚಾರ್ಜ್ ಸಮ್ಮರಿ ತೋರಿಸದ ಮನೆಯೂ ಬೇಡ.

ಒಪ್ಪಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಿ. ರೋಗಿಯ ಕೆಲಸ ಯಾವುದು, ಮನೆಗೆಲಸ ಯಾವುದು ಎಂಬುದು ಅದರಲ್ಲಿರಲಿ. ರೋಗಿಯ ಬಟ್ಟೆ, ಪಾತ್ರೆ, ಕೋಣೆ ನಿಮ್ಮದು. ಮನೆಮಂದಿಯ ಅಡುಗೆ, ಬಟ್ಟೆ, ನೆಲ ಒರೆಸುವುದು ನಿಮ್ಮದಲ್ಲ. ವಾರದ ರಜೆ, ಆ ದಿನ ಯಾರು ನೋಡಿಕೊಳ್ಳುತ್ತಾರೆ, ಸಂಬಳದ ತಾರೀಖು, ಕೊಡುವವರು ಯಾರು ಎಂಬುದೂ ಇರಲಿ. ನೀವು ಬರೆಸಲು ಸಂಕೋಚಪಡುವ, ಆದರೆ ಬರೆಸಲೇಬೇಕಾದ ಒಂದು ಮಾತಿದೆ: ರೋಗಿ ಆಸ್ಪತ್ರೆಗೆ ಸೇರಿದರೆ ಅಥವಾ ತೀರಿಕೊಂಡರೆ ಲೆಕ್ಕ ಹೇಗೆ? ನಮ್ಮ ಕೆಲಸ ಮುಗಿಯುವುದು ಬಹಳ ಸಲ ಸಾವಿನಲ್ಲೇ. ಆ ದಿನ ಮನೆ ತುಂಬ ಜನ, ಅಳು. ಬ್ಯಾಗ್ ಹಿಡಿದು ಅಂಗಳದಲ್ಲಿ ನಿಂತ ಹುಡುಗಿ ಹದಿನೆಂಟು ದಿನದ ಸಂಬಳ ಕೇಳುವುದು ಹೇಗೆ? ಕೇಳಲಾಗದೆ ಬಸ್ಸು ಹತ್ತಿ ಊರಿಗೆ ಹೋದವರನ್ನು ನಾನು ಬಲ್ಲೆ. ತಿಂಗಳಿಗೊಮ್ಮೆಯ ಬದಲು ಹದಿನೈದು ದಿನಕ್ಕೊಮ್ಮೆ ಸಂಬಳ, ಮತ್ತು ಅಂಥ ಸಂದರ್ಭದಲ್ಲಿ ಬಾಕಿಯನ್ನು ಒಂದು ವಾರದೊಳಗೆ ಬ್ಯಾಂಕ್ ಖಾತೆಗೆ ಹಾಕುವುದು ಎಂದು ಮೊದಲೇ ಬರೆದಿದ್ದರೆ ಯಾರಿಗೂ ಮುಜುಗರವಿಲ್ಲ.

ನಂಬಿಕೆ ಎರಡು ಕಡೆಯದು. ಅವರು ತಮ್ಮ ಮನೆಯ ಕೀಲಿಕೈಯನ್ನೂ ಅಪ್ಪನನ್ನೂ ಅಪರಿಚಿತರ ಕೈಗೆ ಕೊಡುತ್ತಿದ್ದಾರೆ. ಪೊಲೀಸ್ ವೆರಿಫಿಕೇಷನ್ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಮೊದಲ ದಿನವೇ ರೋಗಿಯ ಮೈಮೇಲಿರುವ ಸರ, ಉಂಗುರ, ಓಲೆಯನ್ನು ಮನೆಯವರೇ ತೆಗೆದಿಡಲು ಹೇಳಿ, ತೆಗೆಯದಿದ್ದರೆ ಏನೇನಿದೆ ಎಂದು ಅವರೆದುರೇ ಬರೆದಿಡಿ. ಬೀರುವಿನ ಕೀ, ಎಟಿಎಂ ಕಾರ್ಡ್ ಮುಟ್ಟಬೇಡಿ. ನೆನಪು ಮಾಸಿದ ಅಜ್ಜಿ ಪ್ರೀತಿಯಿಂದ ಸೀರೆ ಕೊಟ್ಟರೂ ಮಗಳಿಗೆ ಫೋನ್ ಮಾಡಿ ಹೇಳದೆ ತೆಗೆದುಕೊಳ್ಳಬೇಡಿ.

ಎಲ್ಲಕ್ಕಿಂತ ಹೆಚ್ಚಾಗಿ ಡೈರಿ ಬರೆಯಿರಿ, ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಆ ಹಾಸನದ ಹುಡುಗಿಯ ಡೈರಿಯ ಸಾಲು ಹೀಗಿರುತ್ತಿತ್ತು: ‘ಬೆಳಿಗ್ಗೆ 8: ಎಡ ಮಗ್ಗುಲು. ಫೀಡ್ 200 ಎಂ.ಎಲ್., ನೀರು 50. ಬಿ.ಪಿ. ಮಾತ್ರೆ ಕೊಟ್ಟೆ. ಬ್ಯಾಗ್ ಖಾಲಿ ಮಾಡಿದೆ, 350.’ ಮೂರನೇ ವಾರ ಒಂದು ದಿನ ಅವಳು ರಾತ್ರಿ ಕೂಡಿಸಿ ನೋಡಿದಾಗ ಸಾಮಾನ್ಯವಾಗಿ 1400 ಇರುತ್ತಿದ್ದ ಮೂತ್ರ 600ಕ್ಕೆ ಇಳಿದಿತ್ತು. ಬಣ್ಣ ಕದಡಿತ್ತು. ಮೈ ಸ್ವಲ್ಪ ಬಿಸಿ. ಟ್ಯೂಬ್ ಎಲ್ಲೂ ಮಡಚಿಕೊಂಡಿರಲಿಲ್ಲ, ಬ್ಯಾಗ್ ಮಂಚದಿಂದ ಕೆಳಗೇ ಇತ್ತು, ನೀರು ಎಂದಿನಷ್ಟೇ ಹೋಗಿತ್ತು. ಇವಿಷ್ಟನ್ನೂ ನೋಡಿ ಮಗನನ್ನು ಎಬ್ಬಿಸಿದಳು. ಡೈರಿಯ ಫೋಟೊ ಡಾಕ್ಟರಿಗೆ ಹೋಯಿತು. ಮೂತ್ರದ ಸೋಂಕು ಜ್ವರ ಏರುವ ಮೊದಲೇ ಸಿಕ್ಕಿತು. ಆಮೇಲೆ ಆ ಮನೆಯಲ್ಲಿ ಯಾರೂ ಅವಳನ್ನು ‘ಏನು ಮಾಡ್ತಾ ಇದ್ದೆ ಇಷ್ಟು ಹೊತ್ತು’ ಎಂದು ಕೇಳಲಿಲ್ಲ, ಡೈರಿಯಲ್ಲೇ ಇರುತ್ತಿತ್ತು.

ಏಜೆನ್ಸಿಯ ಬಗ್ಗೆ ಎರಡು ಮಾತು. ಒಳ್ಳೆಯ ಏಜೆನ್ಸಿಗಳಿವೆ. ಮನೆಯವರಿಂದ ಎಷ್ಟು ತೆಗೆದುಕೊಳ್ಳುತ್ತೇವೆ, ನಿಮಗೆ ಎಷ್ಟು ಕೊಡುತ್ತೇವೆ ಎಂದು ಬಾಯಿಬಿಟ್ಟು ಹೇಳುತ್ತವೆ, ತೊಂದರೆಯಾದರೆ ಬೇರೆಯವರನ್ನು ಕಳಿಸುತ್ತವೆ. ಆದರೆ ಸೇರಲು ಡಿಪಾಸಿಟ್ ಕೇಳುವವರು, ಮಾರ್ಕ್ಸ್ ಕಾರ್ಡ್ ಅಥವಾ ಆಧಾರ್‌ನ ಮೂಲ ಪ್ರತಿ ಇಟ್ಟುಕೊಳ್ಳುವವರು, ಮೊದಲ ತಿಂಗಳ ಸಂಬಳ ಹಿಡಿದಿಡುವವರು ನಿಮ್ಮನ್ನು ಕಟ್ಟಿಹಾಕಲೆಂದೇ ಹಾಗೆ ಮಾಡುತ್ತಾರೆ. ಜೆರಾಕ್ಸ್ ಕೊಡಿ, ಮೂಲ ಪ್ರತಿ ಕೊಡಬೇಡಿ. ಅನುಭವ ಬಂದಂತೆ ನೇರವಾಗಿ ಮನೆ ಹುಡುಕಬಹುದು. ಅದಕ್ಕೆ ಜಾಹೀರಾತಿಗಿಂತ ಫಿಸಿಯೋಥೆರಪಿಸ್ಟ್‌ಗಳು, ವಾರ್ಡ್ ಸಿಸ್ಟರ್‌ಗಳು, ಉಪಶಮನ ಆರೈಕೆಗೆ ಮನೆಮನೆಗೆ ಹೋಗುವ ನರ್ಸ್‌ಗಳು ಉತ್ತಮ ದಾರಿ. ಅವರು ಆ ಮನೆಯೊಳಗೆ ಹೋಗಿ ಬಂದವರು, ಅಲ್ಲಿ ಜನ ಹೇಗೆ ಮಾತಾಡುತ್ತಾರೆಂದು ಕೇಳಿದವರು.

ಕೊನೆಯದಾಗಿ, ಹೇಳಲು ಕಷ್ಟವಾದರೂ ಹೇಳಬೇಕಾದ ವಿಷಯ. ಮೆದುಳಿಗೆ ಪೆಟ್ಟಾದ ಅಥವಾ ಡಿಮೆನ್ಷಿಯಾ ಇರುವ ಕೆಲವರು ಅಸಭ್ಯವಾಗಿ ಮುಟ್ಟಬಹುದು, ಬಯ್ಯಬಹುದು. ಅದು ಕಾಯಿಲೆಯಿಂದ ಬಂದದ್ದಾದರೂ ನೀವು ಸಹಿಸಿ ಮುಚ್ಚಿಡಬೇಕಾಗಿಲ್ಲ. ದೂರ ಸರಿದು ನಿಲ್ಲಿ, ಡೈರಿಯಲ್ಲಿ ಬರೆಯಿರಿ, ಮನೆಯವರಿಗೆ ಹೇಳಿ, ಸ್ನಾನದ ಹೊತ್ತಿಗೆ ಗಂಡಸೊಬ್ಬರು ಜೊತೆಗಿರುವಂತೆ ಕೇಳಿ. ತಮ್ಮಂದಿರು ಈ ಕೆಲಸಕ್ಕೆ ಹೆಚ್ಚು ಬರಬೇಕೆಂದು ನಾನು ಹೇಳುವುದು ಇದಕ್ಕೇ. ಗಂಡಸು ರೋಗಿಗಳ ಮನೆಯಲ್ಲಿ ಅವರ ಅಗತ್ಯ ಬಹಳ. ಆದರೆ ಬುದ್ಧಿ ನೆಟ್ಟಗಿರುವ ಮನೆಯವನೊಬ್ಬ ಹಾಗೆ ನಡೆದುಕೊಂಡರೆ ಅದು ಅಪರಾಧ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮನೆಯೊಳಗೆ ದುಡಿಯುವ ಹೆಂಗಸರಿಗೂ ಅನ್ವಯಿಸುತ್ತದೆ. ಮೂರು ತಿಂಗಳೊಳಗೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅಪಾಯವಿದ್ದರೆ ಕಾಯಬೇಡಿ, 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ. ಒಂಟಿ ಗಂಡಸಿನ ಮನೆಗೆ, ಬೇರೆ ಯಾರೂ ಇಲ್ಲದ ಕಡೆ, ಹೆಣ್ಣುಮಕ್ಕಳು ರಾತ್ರಿ ಡ್ಯೂಟಿ ಒಪ್ಪಿಕೊಳ್ಳಬೇಡಿ, ಎಷ್ಟೇ ಸಂಬಳ ಹೇಳಲಿ.

ಮುಂದಿನ ಮನೆಗೆ ಹೊರಡುವಾಗ ಆ ಮನೆಯ ಪೂರ್ತಿ ವಿಳಾಸ, ಇಬ್ಬರ ಫೋನ್ ನಂಬರ್, ಡಾಕ್ಟರ ಹೆಸರು ಬರೆದು ನಿಮ್ಮ ಮನೆಯಲ್ಲಿ ಒಂದು ಪ್ರತಿ ಕೊಟ್ಟುಹೋಗಿ. ರೋಗಿಯ ತೂಕ ಕೇಳದೆ, ನೀವು ಮಲಗುವ ಜಾಗ ನೋಡದೆ, ಹಾಳೆಗೆ ಸಹಿ ಆಗದೆ ಯಾವ ಮನೆಯನ್ನೂ ಒಪ್ಪಿಕೊಳ್ಳಬೇಡಿ.

ಇಂತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್